ಗೋಡೌನ್ ಬೆಂಕಿ: ಸುಟ್ಟ ಸ್ಟಾಕಿನ ಲೆಕ್ಕ ಮತ್ತು ಕ್ಲೇಮು

«ಗೋಡೌನ್‌ಗೆ ಬೆಂಕಿ ಬಿದ್ದು ಸ್ಟಾಕ್ ರಿಜಿಸ್ಟರ್ ಸಮೇತ ಸುಟ್ಟುಹೋಯ್ತು. ಖರೀದಿ, ಮಾರಾಟದ ಬಿಲ್ಲು ಕಂಪ್ಯೂಟರಿನಲ್ಲಿವೆ. ಹೋದ ವರ್ಷ ಗ್ರಾಸ್ ಲಾಭ ಮಾರಾಟದ ಮೇಲೆ ಶೇ. 24 ಬರ್ತಿದೆ, ಅದರ ಹಿಂದಿನ ಎರಡು ವರ್ಷ 25 ಇತ್ತು. ಯಾವುದನ್ನು ಹಿಡಿಯಲಿ? ವಿಮೆ 10 ಲಕ್ಷಕ್ಕಿದೆ, ನಷ್ಟ ಪೂರ್ತಿ ಸಿಗುತ್ತಾ?»

25 ಹಿಡಿಯಿರಿ. ಪೂರ್ತಿ ಸಿಗೋದು ಕಷ್ಟ. ಎರಡಕ್ಕೂ ಕಾರಣ ನೀವೇ ಹಾಕಿರುವ ಪಟ್ಟಿಯಲ್ಲಿದೆ.

ಮೇಲೆ ಒಬ್ಬರು ಮೂರು ವರ್ಷದ ಸರಾಸರಿ ತೆಗೆಯಿರಿ ಅಂದಿದ್ದಾರೆ. ಅರ್ಧ ಸರಿ. ದರ ಏರಿಳಿತ ಇದ್ದಾಗ ಸರಾಸರಿ ಸರಿ. ಇಳಿಯುತ್ತಲೇ ಬಂದಿದ್ದರೆ, ನಷ್ಟ ಅಳೆಯಲು ವಿಮೆ ಕಂಪನಿ ಕಳಿಸುವ ಸರ್ವೇಯರ್ ಸರಾಸರಿ ಒಪ್ಪಲ್ಲ, ಇಳಿದ ದರವನ್ನೇ ಕೇಳುತ್ತಾರೆ. ಆದರೆ ನಿಮ್ಮ ದರ ನಿಜವಾಗಿ ಇಳಿದೇ ಇಲ್ಲ. ಹೋದ ವರ್ಷದ ಲೆಕ್ಕ ನೋಡಿ: ಆರಂಭದ ಸ್ಟಾಕು 8 ಲಕ್ಷ, ಖರೀದಿ 50.6, ಮಾರಾಟ 64, ಕೊನೆಯ ಸ್ಟಾಕು 10. ಮಾರಿದ ಮಾಲಿನ ಅಸಲು 48.6, ಲಾಭ 15.4, ಅಂದರೆ ಶೇ. 24. ಈಗ ಕೊನೆಯ ಸ್ಟಾಕಿನ ಕೆಳಗೆ ನೀವು ಬರೆದ ಸಣ್ಣ ಟಿಪ್ಪಣಿ ಓದಿ. ಹಳೇ ಮಾಡೆಲ್ ಮಾಲು 1 ಲಕ್ಷದ್ದು, ಅದನ್ನು 40 ಸಾವಿರಕ್ಕೆ ಇಳಿಸಿ ತೋರಿಸಿದ್ದೀರಿ. ಆ 60 ಸಾವಿರ ಲಾಭದಿಂದ ಹೋಗಿದೆ. ಅದನ್ನು ವಾಪಸ್ ಸೇರಿಸಿದರೆ ಲಾಭ 16, ಸರಿಯಾಗಿ ಶೇ. 25. ವ್ಯಾಪಾರ ಕೆಟ್ಟಿಲ್ಲ, ಹಳೇ ಮಾಲು ಲೆಕ್ಕ ಕೆಡಿಸಿದೆ ಅಷ್ಟೇ.

ಹಾಗಾಗಿ ಹಳೇ ಮಾಲನ್ನು ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಮಾತ್ರ 25 ಹಾಕಿ. ಕಾಗದದ ಮೇಲೆ ಎರಡು ಕಾಲಂ ಎಳೆಯಿರಿ, ಒಂದು ಮಾಮೂಲಿ ಮಾಲಿಗೆ, ಒಂದು ಹಳೇ ಮಾಲಿಗೆ.

ಮಾಮೂಲಿ ಕಾಲಂ: ಈ ವರ್ಷದ ಆರಂಭದ ಸ್ಟಾಕು 9.6 (ಹಳೇದರ 40 ಸಾವಿರ ಕಳೆದ ಮೇಲೆ). ಬೆಂಕಿ ಬಿದ್ದ ದಿನದವರೆಗೆ ಖರೀದಿ ಪುಸ್ತಕದಲ್ಲಿ 34. ಆದರೆ ಕೊನೆಯ ಬಿಲ್ಲಿನ 1 ಲಕ್ಷದ ಮಾಲು ಇನ್ನೂ ಲಾರಿಯಲ್ಲೇ ಇತ್ತು ಅಂತ ನೀವೇ ಹೇಳಿದ್ದೀರಿ. ಅದು ಗೋಡೌನಿನಲ್ಲಿ ಸುಟ್ಟಿಲ್ಲ, ಕಳೆಯಿರಿ. ಖರೀದಿ 33. ಮಾರಾಟ 42.3, ಅದರಲ್ಲಿ ಹಳೇ ಮಾಲು ಅರ್ಧ ಮಾರಿದ 30 ಸಾವಿರ ತೆಗೆದರೆ 42. ತೆರಿಗೆ ಎರಡೂ ಕಡೆ ಸೇರಬಾರದು, ಬಿಲ್ಲಿನ ಮೂಲ ಮೊತ್ತ ಮಾತ್ರ.

42 ಲಕ್ಷ ಮಾರಾಟದ ಅಸಲು 42ರ ಮುಕ್ಕಾಲು, 31.5. 9.6 ಮತ್ತು 33 ಕೂಡಿಸಿದರೆ 42.6. ಅದರಿಂದ 31.5 ಕಳೆದರೆ 11.1 ಲಕ್ಷದ ಮಾಮೂಲಿ ಮಾಲು ಇರಬೇಕಿತ್ತು. ಹಳೇ ಮಾಲಿನ ಉಳಿದರ್ಧ ಪುಸ್ತಕದ ಬೆಲೆಗೆ 20 ಸಾವಿರ. ಒಟ್ಟು 11.3. ಇನ್ನರ್ಧ 30 ಸಾವಿರಕ್ಕೆ ಹೋಗಿದೆ, ಹಾಗಾಗಿ 30 ಕೊಡಿ ಅಂತ ನೀವು ವಾದ ಮಾಡಬಹುದು. ನನಗೆ ಹತ್ತು ಸಾವಿರಕ್ಕೆ ಜಗಳ ಬೇಡ ಅನಿಸುತ್ತೆ, ನಿಮ್ಮಿಷ್ಟ.

ಇನ್ನೊಬ್ಬರು 42ನ್ನು 1.25ರಿಂದ ಭಾಗಿಸಿ ಅಂದಿದ್ದಾರಲ್ಲ, ಅದು ಲಾಭವನ್ನು ಅಸಲಿನ ಮೇಲೆ ಹಿಡಿದ ಲೆಕ್ಕ. ಹಾಗೆ ಮಾಡಿದರೆ ಅಸಲು 33.6 ಆಗಿ, ಸ್ಟಾಕು 9ಕ್ಕೆ ಇಳಿಯುತ್ತೆ. 2.1 ಲಕ್ಷ ಸುಮ್ನೆ ಕೈಬಿಟ್ಟಂತೆ. ಮಾರಾಟದ ಮೇಲೆ 25 ಅಂದರೆ ಅಸಲಿನ ಮೇಲೆ 33.33. ಈ ತಪ್ಪನ್ನು ನಾನೂ ಒಮ್ಮೆ ಮಾಡಿ, ಕ್ಲೇಮ್ ಕಾಗದ ಮತ್ತೆ ಬರೆದಿದ್ದೇನೆ.

ಈಗ ವಿಮೆ. ನೀವು ಹೊರಗೆಳೆದ ಮಾಲಿನಲ್ಲಿ 50 ಸಾವಿರದ್ದು ಏನೂ ಆಗದೆ ಉಳಿದಿದೆ, 1.6 ಲಕ್ಷದ್ದು ಒದ್ದೆಯಾಗಿ ಅರ್ಧ ಬೆಲೆಗೆ ಹೋಗುತ್ತೆ. ಅಂದರೆ 1.3 ಉಳಿಯಿತು. ನಷ್ಟ 11.3ರಲ್ಲಿ 1.3 ಕಳೆದು ಸರಿಯಾಗಿ 10 ಲಕ್ಷ. ವಿಮೆಯೂ 10 ಲಕ್ಷ. ಪೂರ್ತಿ ಬರುತ್ತೆ ಅನಿಸುತ್ತೆ ಅಲ್ವಾ? ಪಾಲಿಸಿಯಲ್ಲಿ ಆವರೇಜ್ ಕ್ಲಾಸ್, ಅಂದರೆ ಇದ್ದ ಮಾಲಿಗಿಂತ ಕಡಿಮೆಗೆ ವಿಮೆ ಮಾಡಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ಷರತ್ತು, ಇದ್ದರೆ ಬರಲ್ಲ. ಅವರು ನೋಡೋದು ಎಷ್ಟು ಸುಟ್ಟಿತು ಅನ್ನೋದನ್ನಷ್ಟೇ ಅಲ್ಲ, ಬೆಂಕಿಯ ದಿನ ಒಟ್ಟು ಎಷ್ಟಿತ್ತು ಅನ್ನೋದನ್ನೂ. 11.3 ಇದ್ದ ಕಡೆ 10ಕ್ಕೆ ಮಾತ್ರ ವಿಮೆ ಮಾಡಿದ್ದೀರಿ.

```
10 × 10 ÷ 11.3 = 8.85
```

8.85 ಲಕ್ಷ, ಅದರಲ್ಲೂ ಪಾಲಿಸಿಯಲ್ಲಿ ಬರೆದಿರುವ ಎಕ್ಸೆಸ್, ಅಂದರೆ ನೀವೇ ಹೊರಬೇಕಾದ ಮೊತ್ತ, ಕಡಿತ. ಕೆಲವು ಪಾಲಿಸಿಗಳಲ್ಲಿ ಸಣ್ಣ ಕೊರತೆ, ಉದಾಹರಣೆಗೆ ಶೇ. 15ರವರೆಗೆ, ಮನ್ನಾ ಇರುತ್ತೆ. ನಿಮ್ಮ ಕೊರತೆ 11.5ರ ಹತ್ತಿರ. ಆ ಒಂದು ಸಾಲು ಇದೆಯಾ ಅಂತ ಇವತ್ತೇ ಓದಿ ನೋಡಿ, ಒಂದು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ ಅಲ್ಲಿದೆ.

ಲಾರಿಯ ಮಾಲು, ಹಳೇ ಮಾಲು ಯಾವುದನ್ನೂ ಬಿಡಿಸದೆ, ಹೋದ ವರ್ಷದ ಶೇ. 24.06 ದರದಲ್ಲೇ ಹಾಕಿದರೆ ಸ್ಟಾಕು 11.88 ತೋರುತ್ತೆ. ಜಾಸ್ತಿ ಬಂತು ಅಂತ ಖುಷಿಪಡಬೇಡಿ. ಆವರೇಜ್ ಹಾಕಿದ ಮೇಲೆ ಸಿಗೋದು 8.91. ಬರೀ ಆರು ಸಾವಿರದ ಲಾಭಕ್ಕೆ, ಸರ್ವೇಯರ್ ಲಾರಿ ರಸೀದಿ ಹಿಡಿದು ನಿಮ್ಮ ಉಳಿದ ಅಂಕಿಗಳನ್ನೆಲ್ಲ ಅನುಮಾನಿಸುತ್ತಾರೆ.

ಅವರು ಕೇಳೋ ಮೊದಲೇ ನೀವೇ ಒಂದು ಪರೀಕ್ಷೆ ಮಾಡಿ. ಜಾಸ್ತಿ ಓಡುವ ಐದಾರು ಐಟಂ ತಗೊಳ್ಳಿ. ಪ್ರತಿಯೊಂದಕ್ಕೂ ಹೋದ ವರ್ಷದ ಕೊನೆಯ ಎಣಿಕೆ, ಬಂದ ಸಂಖ್ಯೆ, ಹೋದ ಸಂಖ್ಯೆ ಬಿಲ್ಲಿನಿಂದ ತೆಗೆದು ಉಳಿಕೆ ಬರೆಯಿರಿ. ಆ ಉಳಿಕೆಯ ಬೆಲೆ 11.1ರ ಜೊತೆ ಹೊಂದುತ್ತಾ ನೋಡಿ, ಅಷ್ಟು ಮಾಲು ಆ ಗೋಡೌನಿನಲ್ಲಿ ಹಿಡಿಸುತ್ತಾ ಅಂತಲೂ ನೋಡಿ. ಲಾಭದ ದರದಿಂದ ಬಂದ ಅಂಕಿ ಕುರುಡು. ಬೆಂಕಿಗೆ ಮೊದಲೇ ಕಳುವಾದ ಮಾಲನ್ನೂ ಸುಟ್ಟದ್ದೆಂದೇ ತೋರಿಸುತ್ತೆ. ಈ ವರ್ಷ ಕಡಿಮೆ ಮಾರ್ಜಿನ್ ಮಾಲು ಜಾಸ್ತಿ ಮಾರಿದ್ದರೂ ತಪ್ಪು ಹೇಳುತ್ತೆ. ದರ ಒಂದು ಶೇಕಡಾ ಬದಲಾದರೆ ನಿಮ್ಮ ಸ್ಟಾಕು 42 ಸಾವಿರ ಅಲುಗುತ್ತೆ, ಅದನ್ನು ನೆನಪಿಟ್ಟುಕೊಳ್ಳಿ.

ಕಾಗದ ಪತ್ರ: ಇನ್ನೂ ಕಂಪನಿಗೆ ತಿಳಿಸಿಲ್ಲದಿದ್ದರೆ ಈಗಲೇ ಬರೆದು ತಿಳಿಸಿ. ಸರ್ವೇಯರ್ ನೋಡುವವರೆಗೆ ಸುಟ್ಟ ರಾಶಿ ಗುಡಿಸಬೇಡಿ. ಒದ್ದೆ ಮಾಲನ್ನು ಬೇರೆ ಇಟ್ಟು ಫೋಟೋ ತೆಗೆಯಿರಿ, ಆದರೆ ಅವರು ಒಪ್ಪದೆ ಮಾರಬೇಡಿ. ಅಗ್ನಿಶಾಮಕದವರ ವರದಿ, ಹೋದ ವರ್ಷದ ಆಡಿಟ್ ಆದ ಲೆಕ್ಕ, ಸಪ್ಲೈಯರ್‌ಗಳಿಂದ ಅವರ ಖಾತೆಯ ಪ್ರತಿ ಸೇರಿಸಿ. ನಿಮ್ಮ ಕಂಪ್ಯೂಟರಿಗಿಂತ ಹೊರಗಿನವರ ಕಾಗದಕ್ಕೆ ಬೆಲೆ ಜಾಸ್ತಿ. ಎರಡು ಕಾಲಂ ಲೆಕ್ಕದ ಕೆಳಗೆ 24 ಬಿಟ್ಟು 25 ಯಾಕೆ ಅಂತ ಎರಡು ಸಾಲು ಬರೆಯಿರಿ.

ನೀರು ನುಗ್ಗಿ ಅಂಗಡಿ ಮಾಲು ಹಾಳಾದ ಅಕ್ಕ ಕೇಳಿದ್ದಾರೆ, ಅವರಿಗೂ ಇದೇನಾ ಅಂತ. ಅಕ್ಕಾ, ನಿಮ್ಮ ಮಾಲು ಕಣ್ಣ ಮುಂದೆಯೇ ಇದೆಯಲ್ಲ, ಎಣಿಸಿಬಿಡಿ. ಈ ಲೆಕ್ಕ ಎಣಿಸೋಕೆ ಏನೂ ಉಳಿಯದವರಿಗೆ.

ಒಂದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಬಿಲ್ಲು ಆಗಿ ಗಿರಾಕಿ ಇನ್ನೂ ಎತ್ತಿಕೊಳ್ಳದ 1.2 ಲಕ್ಷದ ಮಾಲು ಆ 42ರಲ್ಲಿ ಸೇರಿದೆಯಾ? ಅದು ಇನ್ನೂ ನಿಮ್ಮದೇ ಅಂತಾದರೆ ಮಾರಾಟದಿಂದ ತೆಗೆಯಬೇಕು, ಸ್ಟಾಕು 90 ಸಾವಿರ ಏರುತ್ತೆ. ಗಿರಾಕಿಯದಾಗಿದ್ದರೆ, ಬೇರೆಯವರ ಮಾಲು ನಿಮ್ಮ ಬಳಿ ಇದ್ದದ್ದಕ್ಕೂ ಪಾಲಿಸಿ ಅನ್ವಯಿಸುತ್ತಾ ಅನ್ನೋದು ಪ್ರಶ್ನೆ. ಆ ಬಿಲ್ಲಿನ ತಾರೀಖು, ಹಣ ಬಂದಿತ್ತಾ, ಮಾಲು ಬೇರೆ ಎತ್ತಿಟ್ಟಿದ್ದಿರಾ, ಇಷ್ಟನ್ನು ಇಲ್ಲೇ ಹಾಕಿ.