ಹನ್ನೊಂದು ಸಲ ಬರೆದ ತಪ್ಪು ಪದ

"ಲಿಂಕ್ಡ್‌ಇನ್ ಪ್ರೊಫೈಲ್ ಸಮರಿಯಲ್ಲಿ ಒಂದು ಕೀವರ್ಡ್ ಎಷ್ಟು ಸಲ ಬರಬೇಕು? ಎರಡು ತಿಂಗಳಿಂದ ಅಪ್ಲೈ ಮಾಡ್ತಿದ್ದೀನಿ, ಒಂದು ಕಾಲ್ ಕೂಡ ಬಂದಿಲ್ಲ. ಕಂಪನಿಗಳು ಅರ್ಜಿ ನೋಡಿಕೊಳ್ಳೋಕೆ ಬಳಸೋ ಎಟಿಎಸ್ ಸಾಫ್ಟ್‌ವೇರ್ ರಿಜೆಕ್ಟ್ ಮಾಡ್ತಿದೆ ಅನ್ಸುತ್ತೆ."

ನನ್ನ ಸಮರಿಯಲ್ಲಿ ಹನ್ನೊಂದು ಸಲ ಇತ್ತು. ಎಣಿಸಿಯೇ ಹಾಕಿದ್ದೆ. ಐದು ತಿಂಗಳು ಯಾರೂ ಕರೆಯಲಿಲ್ಲ.

ಆ ಪದ 'ಸಪ್ಲೈಯರ್ ಡೆಸ್ಕ್'. ಐದು ವರ್ಷ ನಾನು ಕೆಲಸ ಮಾಡಿದ ತಂಡದ ಹೆಸರು ಅದೇ. ನನ್ನ ಹುದ್ದೆ 'ಸಪ್ಲೈಯರ್ ಡೆಸ್ಕ್ ಸ್ಪೆಷಲಿಸ್ಟ್'. ದಿನವಿಡೀ ಮಾಡುತ್ತಿದ್ದ ಕೆಲಸ ಏನಪ್ಪಾ ಅಂದರೆ, ಪೂರೈಕೆದಾರರಿಂದ ಬಂದ ಬಿಲ್ ತೆಗೆದುಕೊಂಡು, ಖರೀದಿ ಆರ್ಡರ್ ಮತ್ತು ಸರಕು ಬಂದ ರಸೀದಿ ಜೊತೆ ತಾಳೆ ನೋಡಿ, ಸ್ಯಾಪ್ ಸಾಫ್ಟ್‌ವೇರ್‌ನಲ್ಲಿ ಹಾಕಿ, ಹಣ ಹೋಗುವ ಹಾಗೆ ಮಾಡೋದು. ಲೆಕ್ಕದ ಕೆಲಸ ಗೊತ್ತಿರುವ ಯಾರನ್ನೇ ಕೇಳಿ, ಇದಕ್ಕೆ 'ಅಕೌಂಟ್ಸ್ ಪೇಯಬಲ್' ಅಂತಾರೆ. ನನ್ನ ಪ್ರೊಫೈಲ್‌ನಲ್ಲಿ ಆ ಎರಡು ಪದ ಒಂದು ಸಲವೂ ಇರಲಿಲ್ಲ.

ರಿಕ್ರೂಟರ್ ಆಗಿರುವ ಗೆಳತಿಯೊಬ್ಬಳು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಸ್ಕ್ರೀನ್ ತೋರಿಸಿದಳು. ನನ್ನಂಥವರನ್ನು ಹುಡುಕಲು ಅವಳು ಟೈಪ್ ಮಾಡಿದ್ದು ಇಷ್ಟೇ:

```
("accounts payable" OR AP) AND SAP
AND ("invoice processing" OR "vendor reconciliation")
```

ಬಂದ ಪಟ್ಟಿಯಲ್ಲಿ ನಾನು ಇರಲಿಲ್ಲ. ಎರಡನೇ ಪುಟ, ಮೂರನೇ ಪುಟ, ಎಲ್ಲೂ ಇಲ್ಲ. ನಾನು 'ಇನ್ವಾಯ್ಸ್' ಬದಲು 'ಬಿಲ್' ಅಂತ ಬರೆದಿದ್ದೆ. 'ವೆಂಡರ್' ಬದಲು 'ಸಪ್ಲೈಯರ್' ಅಂತ ಬರೆದಿದ್ದೆ. ಅವಳು ಹುಡುಕಿದ್ದರಲ್ಲಿ ನನ್ನ ಬಳಿ ಇದ್ದದ್ದು ಸ್ಯಾಪ್ ಒಂದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೇಳಿರುವ ಪ್ರಶ್ನೆಯೇ ನನ್ನನ್ನು ಐದು ತಿಂಗಳು ದಾರಿ ತಪ್ಪಿಸಿತ್ತು. ಈ ರೀತಿ ಹುಡುಕಿದಾಗ ಪದ ಇದೆಯೋ ಇಲ್ಲವೋ ಅನ್ನೋದೇ ಮೊದಲ ಪ್ರಶ್ನೆ. ಉದ್ಧರಣ ಚಿಹ್ನೆಯೊಳಗೆ ಹಾಕಿದ ಎರಡು ಪದ ಅದೇ ಕ್ರಮದಲ್ಲಿ, ಅಕ್ಕಪಕ್ಕದಲ್ಲೇ ಇರಬೇಕು. `AND` ಇದ್ದರೆ ಎರಡೂ ಕಡೆ ಸಿಗಬೇಕು, ಒಂದು ಸಿಗದಿದ್ದರೂ ಪಟ್ಟಿಯಿಂದ ಹೊರಗೆ. ಒಂದು ಸಲ ಇದ್ದರೆ ಸಾಕು, ಒಳಗೆ ಬರುತ್ತೀರಿ. ಇಲ್ಲದಿದ್ದರೆ ಬೇರೆ ಪದವನ್ನು ನೂರು ಸಲ ಬರೆದರೂ ಬರಲ್ಲ. ಕರೆ ಬರದಿದ್ದಾಗ ನಾನು ಮಾಡಿದ್ದೇನು? ಮೊದಲು ನಾಲ್ಕು ಸಲ ಇದ್ದದ್ದನ್ನು ಏಳು ಮಾಡಿದೆ, ಆಮೇಲೆ ಹನ್ನೊಂದು. ನಮ್ಮ ಕಟ್ಟಡದ ಹೊರಗೆ ಯಾರೂ ಬಳಸದ ಹೆಸರನ್ನು ಜೋರಾಗಿ ಕೂಗುತ್ತಾ ಇದ್ದೆ. ಕೆಲವು ಸಿಸ್ಟಮ್‌ಗಳು ಹತ್ತಿರದ ಅರ್ಥದ ಪದಗಳನ್ನೂ ಹಿಡಿಯುತ್ತವೆ, ನಿಜ. ಆದರೆ ಒಂದು ಕಂಪನಿ ತನ್ನ ತಂಡಕ್ಕೆ ಇಟ್ಟುಕೊಂಡ ಹೆಸರು ಅವಕ್ಕೆ ಗೊತ್ತಿರುತ್ತೆ ಅಂತ ನಂಬಿ ಕೂರಬೇಡಿ.

ಹಾಗಾಗಿ ಎಣಿಸೋದು ಬಿಡಿ. ನೀವು ಬಳಸಿರುವ ಪದ ನಿಮ್ಮ ಆಫೀಸಿನದ್ದೋ, ಹುಡುಕುವವರದ್ದೋ ಅಂತ ಮೊದಲು ನೋಡಿ.

ನಾನು ನೋಡಿದ್ದು ಹೀಗೆ. ನನಗೆ ಬೇಕಾದ ಕೆಲಸದ ಹತ್ತು ಜಾಹೀರಾತು ಪ್ರಿಂಟ್ ತೆಗೆದೆ, ಬೇರೆ ಬೇರೆ ಕಂಪನಿಗಳದ್ದು. ಹುದ್ದೆಯ ಹೆಸರು, ಸಾಫ್ಟ್‌ವೇರ್, ಕೆಲಸದ ಹೆಸರು, ಇವಕ್ಕೆ ಮಾತ್ರ ಗೆರೆ ಎಳೆದೆ. 'ಟೀಮ್ ಪ್ಲೇಯರ್', 'ಡೈನಾಮಿಕ್' ಥರದ್ದನ್ನು ಬಿಟ್ಟೆ, ಅವನ್ನು ಯಾರೂ ಟೈಪ್ ಮಾಡಿ ಹುಡುಕಲ್ಲ. ಐದಾರು ಜಾಹೀರಾತಿನಲ್ಲಿ ಮತ್ತೆ ಮತ್ತೆ ಬಂದ ಪದಗಳು ಹನ್ನೆರಡು. ಒಂದೊಂದನ್ನೂ ಎದುರಿಗೆ ಇಟ್ಟುಕೊಂಡು ಕೇಳಿಕೊಂಡೆ: ಇದನ್ನು ನಾನು ಮಾಡಿದ ಒಂದು ಘಟನೆ ಎರಡು ನಿಮಿಷ ಹೇಳೋಕೆ ಆಗುತ್ತಾ? ಎಂಟು ಉಳಿದವು.

ಆ ನಾಲ್ಕನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಅದಕ್ಕೂ ಮೊದಲು ಒಂದು ವಾರ ನಾನು ಸಮರಿಯ ಕೊನೆಯಲ್ಲಿ ಮೂವತ್ತು ಪದಗಳ ಸಾಲು ಹಾಕಿ ನೋಡಿದ್ದೆ, ಬರೀ ಕಾಮಾ ಹಾಕಿ. ಹುಡುಕಾಟದಲ್ಲಿ ಕಾಣಿಸಿದೆ, ಒಂದು ಕಾಲ್ ಕೂಡ ಬಂತು. "ಒರಾಕಲ್ ಎಷ್ಟು ವರ್ಷ ಬಳಸಿದ್ದೀರಿ?" ಅಂತ ಕೇಳಿದರು. ನಾನು ಅದರಲ್ಲಿ ಬರೀ ರಿಪೋರ್ಟ್ ನೋಡಿದ್ದೆ. ಹಾಗಂತಲೇ ಹೇಳಿದೆ. ಅವರು "ಸರಿ" ಅಂದು ಇಟ್ಟರು. ಆ ಸಾಲಿನಲ್ಲಿ ಯಾವುದು ನಿಜವಾಗಿ ಬರುತ್ತೆ, ಯಾವುದು ಸುಮ್ನೆ ಹಾಕಿದ್ದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಎಂಟು ಪದಗಳನ್ನು ಕೂರಿಸಿದ್ದು ಹೀಗೆ. ಲಿಂಕ್ಡ್‌ಇನ್ ಹೆಡ್‌ಲೈನ್‌ನಲ್ಲಿ 220 ಅಕ್ಷರ ಹಿಡಿಯುತ್ತೆ. ಅಲ್ಲಿ 'ಅಕೌಂಟ್ಸ್ ಪೇಯಬಲ್ ಸ್ಪೆಷಲಿಸ್ಟ್, ಸ್ಯಾಪ್, ವೆಂಡರ್ ರಿಕನ್ಸಿಲಿಯೇಷನ್' ಅಂತ ಹಾಕಿದೆ. ಸಮರಿಗೆ 2,600 ಅಕ್ಷರ ಜಾಗ ಇದೆ, ಆದರೆ ತೆರೆದ ಕೂಡಲೇ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಆ ಸಾಲುಗಳ ಸಾರ ಹೀಗಿತ್ತು: 'ಐದು ವರ್ಷದಿಂದ ಅಕೌಂಟ್ಸ್ ಪೇಯಬಲ್, ಅಂದರೆ ಎಪಿ ಕೆಲಸ. ಸ್ಯಾಪ್‌ನಲ್ಲಿ ಇನ್ವಾಯ್ಸ್ ಪ್ರೊಸೆಸಿಂಗ್ ಮತ್ತು ತ್ರೀ-ವೇ ಮ್ಯಾಚ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ವೆಂಡರ್ ರಿಕನ್ಸಿಲಿಯೇಷನ್ ಮಾಡುವಾಗ ಎರಡೆರಡು ಸಲ ಹೋದ ಪೇಮೆಂಟ್ ಹುಡುಕಿ ವಾಪಸ್ ತರಿಸಿದ್ದೇನೆ.' ಪೂರ್ತಿ ಹೆಸರು ಒಂದು ಸಲ, ಚಿಕ್ಕ ಹೆಸರು ಒಂದು ಸಲ. ಯಾರು ಯಾವುದನ್ನು ಟೈಪ್ ಮಾಡುತ್ತಾರೋ ಗೊತ್ತಿಲ್ಲ, ಎರಡೂ ಇರಲಿ. ಪ್ರತಿ ಪದದ ಪಕ್ಕದಲ್ಲೂ ಒಂದು ಕೆಲಸ ಇದೆ, ಹಾಗಾಗಿ ಓದುವವರಿಗೆ ತುರುಕಿದ ಹಾಗೆ ಅನಿಸಲ್ಲ.

ಹಳೆಯ ಹುದ್ದೆಯ ಹೆಸರನ್ನು ಸುಳ್ಳು ಮಾಡಲಿಲ್ಲ. 'ಸಪ್ಲೈಯರ್ ಡೆಸ್ಕ್ ಸ್ಪೆಷಲಿಸ್ಟ್' ಅಂತಲೇ ಇಟ್ಟು, ಪಕ್ಕದಲ್ಲಿ 'ಅಕೌಂಟ್ಸ್ ಪೇಯಬಲ್' ಅಂತ ಸೇರಿಸಿದೆ. ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರೂ ತಾಳೆಯಾಗುತ್ತೆ.

ಇನ್ನು ಎಟಿಎಸ್ ರಿಜೆಕ್ಟ್ ಮಾಡ್ತಿದೆ ಅನ್ನೋ ನಿಮ್ಮ ಅನುಮಾನ. ಕೀವರ್ಡ್ ಕಮ್ಮಿ ಇದೆ ಅಂತ ತಾನೇ ಬಾಗಿಲು ಹಾಕೋದು ಹೆಚ್ಚಿನ ಸಿಸ್ಟಮ್‌ಗಳ ರೀತಿಯಲ್ಲ. ಅರ್ಜಿಯ ಜೊತೆ ಕೇಳುವ 'ಕೆಲಸದ ಪರವಾನಗಿ ಇದೆಯಾ' ಥರದ ಪ್ರಶ್ನೆಗೆ ಇಲ್ಲ ಅಂದರೆ ತಾನಾಗಿ ಹೊರಹಾಕಬಹುದು. ಉಳಿದಂತೆ ಅದು ಸಾಮಾನ್ಯವಾಗಿ ನಿಮ್ಮ ರೆಸ್ಯೂಮೆಯಿಂದ ಅಕ್ಷರಗಳನ್ನು ಕಿತ್ತು ಇಟ್ಟುಕೊಳ್ಳುತ್ತೆ, ಆಮೇಲೆ ಮನುಷ್ಯರು ಅದರಲ್ಲಿ ಹುಡುಕುತ್ತಾರೆ. ಕಿತ್ತಾಗ ಏನು ಉಳಿಯುತ್ತೆ ಅಂತ ನೋಡಬೇಕಾ? ಪಿಡಿಎಫ್‌ನಲ್ಲಿ ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಚಿತ್ರದೊಳಗಿನ ಪದ ಅಲ್ಲಿ ಬರಲ್ಲ. ಎರಡು ಕಾಲಂ ಮಾಡಿದ್ದರೆ ಸಾಲುಗಳು ಬೆರೆತು ಹೋಗಿರಬಹುದು. ಬಿಳಿ ಬಣ್ಣದಲ್ಲಿ ಬಚ್ಚಿಟ್ಟ ಕೀವರ್ಡ್‌ಗಳಿದ್ದರೆ ಅವೂ ಕಪ್ಪಗೆ ಎದ್ದು ಕಾಣುತ್ತವೆ, ರಿಕ್ರೂಟರ್‌ಗೂ ಹಾಗೇ ಕಾಣಬಹುದು. ಯಾರಾದರೂ ಆ ಉಪಾಯ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ.

ಬದಲಾಯಿಸಿದ ಮೇಲೆ ಎರಡು ಮೂರು ವಾರ ಲಿಂಕ್ಡ್‌ಇನ್ ತೋರಿಸುವ ಎರಡು ಸಂಖ್ಯೆ ನೋಡುತ್ತಿರಿ: ಎಷ್ಟು ಹುಡುಕಾಟದಲ್ಲಿ ಬಂದಿರಿ, ಎಷ್ಟು ಜನ ಪ್ರೊಫೈಲ್ ತೆರೆದರು. ನನ್ನದು ಮೊದಲು ವಾರಕ್ಕೆ ಮೂರೋ ನಾಲ್ಕೋ ಹುಡುಕಾಟ ಇತ್ತು. ಮೂರನೇ ವಾರಕ್ಕೆ ಇಪ್ಪತ್ತು ದಾಟಿತು. ಹುಡುಕಾಟದಲ್ಲೇ ಬರುತ್ತಿಲ್ಲ ಅಂದರೆ ಪದ ಇನ್ನೂ ತಪ್ಪಿದೆ, ಜಾಹೀರಾತುಗಳಿಗೆ ವಾಪಸ್ ಹೋಗಿ. ಬರುತ್ತಿದ್ದರೂ ಯಾರೂ ತೆರೆಯುತ್ತಿಲ್ಲ ಅಂದರೆ ಹೆಡ್‌ಲೈನ್ ತಿದ್ದಿ. ತೆರೆದು ನೋಡಿ ಸುಮ್ಮನಾಗುತ್ತಿದ್ದಾರೆ ಅಂದರೆ ಸಮರಿಯ ಆ ಮೊದಲ ಸಾಲುಗಳನ್ನು ಮತ್ತೆ ಬರೆಯಿರಿ. ನನಗೆ ಬಂದ ಮುಂದಿನ ಕಾಲ್‌ನಲ್ಲಿ ಅವರು ಮೊದಲು ಕೇಳಿದ್ದು ಎರಡೆರಡು ಸಲ ಹೋದ ಪೇಮೆಂಟ್ ಹೇಗೆ ಹಿಡಿದಿರಿ ಅಂತ. ಅದನ್ನು ನಾನು ಇಪ್ಪತ್ತು ನಿಮಿಷ ಹೇಳಿದೆ.