ಅತ್ತೆ ಹೇಳುವ ಬೆಳಗಿನ ಜಾವದ ಕನಸು

“ನಮ್ಮ ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ, ದಿನಾ ಉಡುಪಿಯಿಂದ ಹೋಗಿ ಬರುತ್ತಾರೆ. ಅವರು ಬೇರೆ ಹೆಂಗಸಿನ ಜೊತೆ ಇದ್ದ ಹಾಗೆ ಒಂದೇ ತಿಂಗಳಲ್ಲಿ ಮೂರು ಸಲ ಕನಸು ಬಿತ್ತು. ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ ಅಂತಾರೆ ಅತ್ತೆ. ಅವರನ್ನೇ ಕೇಳಿಬಿಡಲಾ?”
– ಓದುಗರೊಬ್ಬರು, ಉಡುಪಿ

ಬೆಳಗಿನ ಜಾವದ ಮಾತು ಮೊದಲು ಮುಗಿಸೋಣ. ನಿದ್ದೆಯಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತು ಬರುತ್ತದೆ. ಅದಕ್ಕೆ ರೆಮ್ ನಿದ್ದೆ ಎನ್ನುತ್ತಾರೆ. ಕಣ್ಣಿಗೆ ಕಟ್ಟುವಂಥ ಕನಸು ಹೆಚ್ಚಾಗಿ ಆಗಲೇ ಬೀಳುವುದು. ರಾತ್ರಿಯ ಮೊದಲ ಸರದಿ ಬೇಗ ಮುಗಿಯುತ್ತದೆ, ಬೆಳಗಿನದು ಅರ್ಧ ಗಂಟೆಯೂ ಎಳೆಯಬಹುದು. ಅದರ ನಡುವೆಯೇ ಎಚ್ಚರವಾದರೆ ಕನಸು ಪೂರ್ತಿ ನೆನಪಿರುತ್ತದೆ. ಅಷ್ಟೇ. ನಡುರಾತ್ರಿಯ ಕನಸು ಮರೆತೇ ಹೋಗುತ್ತದೆ, ಅದು ನಿಜವಾಯಿತೋ ಸುಳ್ಳಾಯಿತೋ ಲೆಕ್ಕ ಇಟ್ಟವರು ಯಾರು? (ಇದನ್ನು ಅತ್ತೆಗೆ ಹೇಳಲೇಬೇಕು ಅಂತೇನಿಲ್ಲ.)

ನಿಮ್ಮ ಪತ್ರದ ಪೂರ್ತಿ ನಾಲ್ಕು ಪುಟ ನನ್ನ ಮುಂದಿದೆ. ಕನಸಿನಲ್ಲಿ ಅವರು ಗಿಳಿಹಸಿರು ಸೀರೆಯವಳ ಜೊತೆ ಗಡ್‌ಬಡ್ ತಿನ್ನುತ್ತಿದ್ದರು, ಪಕ್ಕದ ಟೇಬಲ್ಲಿನ ಮೇಲೆ ಹೊಲಿಗೆ ಮೆಷಿನ್ ಇತ್ತು, ಅವಳ ಮುಖ ಕಾಣಲಿಲ್ಲ. ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಹಿಂದಿನ ದಿನ ನಾದಿನಿಯ ಗಿಳಿಹಸಿರು ಸೀರೆಗೆ ಫಾಲ್ಸ್ ಹಾಕಿಸಲು ಟೈಲರ್ ಹತ್ತಿರ ಹೋಗಿದ್ದಿರಿ, ಮಗಳು ಗಡ್‌ಬಡ್ ಬೇಕೆಂದು ಹಟ ಹಿಡಿದಿದ್ದಳು, ಯಜಮಾನರು ಫೋನ್ ಕೂಡ ಮಾಡದೆ ರಾತ್ರಿ 9.30ಕ್ಕೆ ಬಂದರು. ಕನಸಿಗೆ ಸಾಮಾನು ಸಿಕ್ಕಿದ್ದು ನಿಮ್ಮ ಮನೆಯಿಂದಲೇ ಅಲ್ವಾ? ನಿಮಗೆ ಗೊತ್ತಿಲ್ಲದ ಸುದ್ದಿ ಅದರಲ್ಲಿ ಒಂದೂ ಇಲ್ಲ. ಗೊತ್ತಿಲ್ಲದ ಜಾಗದಲ್ಲೇ ಮುಖ ಖಾಲಿ ಉಳಿಯಿತು.

ಹಾಗಾದರೆ ಅಷ್ಟು ನಿಜ ಅನ್ನಿಸಿದ್ದು ಯಾಕೆ? ರೆಮ್ ಹೊತ್ತಿನಲ್ಲಿ ಮಿದುಳಿನ ಅಮಿಗ್ಡಾಲ, ಅಂದರೆ ಭಯ ಸಿಟ್ಟುಗಳಿಗೆ ಸಂಬಂಧಪಟ್ಟ ಭಾಗ, ಬಹಳ ಚುರುಕಾಗಿರುತ್ತದೆ. “ಐಸ್‌ಕ್ರೀಮ್ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಯಾಕೆ?” ಎಂದು ತಡೆದು ಕೇಳಬೇಕಾದ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಎದೆ ಹೊಡೆದುಕೊಂಡದ್ದು ನಿಜ, ಕಂಡದ್ದು ಕಟ್ಟಿದ್ದು.

ಎದ್ದ ಮೇಲೂ ಆ ಉರಿ ಉಳಿಯುತ್ತದೆ, ತೊಂದರೆ ಅಲ್ಲಿಂದ ಶುರು. ಅಮೆರಿಕದ ಮನಃಶಾಸ್ತ್ರಜ್ಞ ಡಿಲನ್ ಸೆಲ್ಟರ್‌ಮನ್ ಮತ್ತು ಜೊತೆಗಾರರು ಎರಡು ವಾರ ಜನರಿಂದ ಕನಸಿನ ಡೈರಿ ಬರೆಸಿ, 2014ರಲ್ಲಿ ಪ್ರಕಟಿಸಿದರು. ಕನಸಿನಲ್ಲಿ ಹೊಟ್ಟೆಕಿಚ್ಚು ಪಟ್ಟವರ ಮನೆಯಲ್ಲಿ ಮಾರನೇ ದಿನ ಜಗಳ ಜಾಸ್ತಿ ಕಂಡಿತು. ನನಗಂತೂ ಆಶ್ಚರ್ಯವಾಗಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ನೀರುದೋಸೆಯ ತಟ್ಟೆ ಧಡ್ಡನೆ ಬಂದು ಬಿತ್ತು, ಚಟ್ನಿ ಬರಲೇ ಇಲ್ಲ. ಕನಸಿನಲ್ಲಿ ನಾನು ಯಾರಿಗೋ ಮಲ್ಲಿಗೆ ತಂದುಕೊಟ್ಟಿದ್ದೆನಂತೆ. ಮಧ್ಯಾಹ್ನದವರೆಗೆ ಮಾತಿಲ್ಲ.

ಕನಸು ನಿಮ್ಮವರನ್ನು ನಿರಪರಾಧಿ ಮಾಡುವುದೂ ಇಲ್ಲ, ಅದಕ್ಕೆ ಎರಡೂ ಕಡೆ ಸಾಕ್ಷಿ ಹೇಳಲು ಬರುವುದಿಲ್ಲ. ಎಚ್ಚರವಿದ್ದಾಗ ಕಂಡದ್ದೇನಾದರೂ ಇದ್ದರೆ ಅದನ್ನೇ ಕೇಳಿ. ತಡವಾಗುವ ದಿನ ಒಂದು ಫೋನ್ ಮಾಡಲು ಏನು ಕಷ್ಟ ಅಂತ ಕೇಳಿ, ಅದು ನ್ಯಾಯವಾದ ಪ್ರಶ್ನೆ. ಹಸಿರು ಸೀರೆಯ ವಿಷಯ ಮಾತ್ರ ಎತ್ತಬೇಡಿ. ಅವಳು ಯಾರು ಅಂತ ಪಾಪ ಅವರಾದರೂ ಏನು ಹೇಳಿಯಾರು?