ಬೈಯುವ ಮ್ಯಾನೇಜರ್‌ಗೆ ಕಾಯ್ದೆಯಿಲ್ಲ, ಅವರು ಮಾಡುವ ಕೆಲಸಗಳಿಗೆ ಇದೆ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಸ್ಪಾಂಜ್ ಐರನ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಸಂಬಳ 24,000 ರೂಪಾಯಿ, ಹುದ್ದೆಯ ಹೆಸರು ಜೂನಿಯರ್ ಆಫೀಸರ್. ಮಾಲಿನ ಮೆಟಲೈಸೇಶನ್, ಅಂದರೆ ಅದಿರಿನ ಕಬ್ಬಿಣ ಎಷ್ಟು ಲೋಹವಾಗಿದೆ ಎಂಬ ಪ್ರಮಾಣ, ಕಡಿಮೆ ಬಂದಾಗ ರಿಪೋರ್ಟ್ ತಿದ್ದಲು ನಾನು ಒಪ್ಪಲಿಲ್ಲ. ಆಗಿನಿಂದ ಎಂಟು ತಿಂಗಳಾಯಿತು, ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೆದುರು ‘ಓದಿದ ಕತ್ತೆ’ ಎನ್ನುತ್ತಾರೆ, ರಜೆ ಕೊಡುವುದಿಲ್ಲ, ಶಿಫ್ಟ್ ಮುಗಿದ ಮೇಲೂ ಕೂರಿಸುತ್ತಾರೆ, ಎರಡು ದಿನದ ಸಂಬಳವನ್ನು ದಂಡವೆಂದು ಹಿಡಿದರು. ಜಾತಿ ಎತ್ತಿಲ್ಲ, ಕೈ ಮಾಡಿಲ್ಲ. ‘ಇದು ಕಿರುಕುಳದ ವ್ಯಾಖ್ಯೆಗೆ ಬರುವುದಿಲ್ಲ’ ಎಂದು ಎಚ್‌ಆರ್‌ನವರು ಹೇಳಿದರು. ಯಾವ ಸೆಕ್ಷನ್ ಹಾಕಿಸಬಹುದು?

ಉತ್ತರ: ‘ಯಾವ ಸೆಕ್ಷನ್’ ಎಂಬ ಮಾತಿನಿಂದಲೇ ಈ ಪ್ರಕರಣಗಳು ಹಾಳಾಗುತ್ತವೆ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಆದರೂ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಬಹುಪಾಲು ಜಾಗವನ್ನು ಇದಕ್ಕೇ ಕೊಡುತ್ತೇನೆ.

ಮೇಲಧಿಕಾರಿಯ ದಬ್ಬಾಳಿಕೆ ಎಂಬುದನ್ನೇ ಅಪರಾಧವೆಂದು ಹೆಸರಿಸಿ ಶಿಕ್ಷೆ ಹೇಳುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ ಸಂಬಂಧಿಸಿದ್ದು. ಇದನ್ನು ಕೇಳಿದ ಕೂಡಲೇ ಜನ ಪೊಲೀಸ್ ಠಾಣೆಯ ಕಡೆ ನಡೆಯುತ್ತಾರೆ. ಉದ್ದೇಶಪೂರ್ವಕವಾಗಿ ಅವಮಾನ ಮಾಡಿ ಶಾಂತಿಭಂಗಕ್ಕೆ ಪ್ರಚೋದಿಸುವುದು ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮಿನಲ್ಲಿ ಅಪರಾಧವೆಂಬುದು ನಿಜ. ಹಳೆಯ ದಂಡ ಸಂಹಿತೆಯಲ್ಲಿ ಅದು 504ನೇ ಕಲಮಾಗಿತ್ತು. ಆದರೆ ಕೆಲಸದ ವಿಚಾರದಲ್ಲಿ ಮೇಲಧಿಕಾರಿ ಗದರಿಸಿದ್ದನ್ನು ಈ ಕಲಮಿಗೆ ಎಳೆದು ತರಲಾಗದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಜೀವಕ್ಕೋ ಮಾನಕ್ಕೋ ಧಕ್ಕೆ ತರುವ ಬೆದರಿಕೆ, ಜಾತಿ ಹೆಸರಿನ ನಿಂದನೆ, ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಮಾತು ಇವು ಇದ್ದರೆ ಲೆಕ್ಕ ಬೇರೆ. ನೀವೇ ಬರೆದಿರುವಂತೆ ಅವು ನಿಮ್ಮಲ್ಲಿಲ್ಲ. ‘ಮಾನವ ಹಕ್ಕು’ ಎಂಬ ಹೆಸರಿನ ಲೆಟರ್‌ಹೆಡ್ ಅಚ್ಚು ಹಾಕಿಸಿಕೊಂಡು, ಐದೋ ಹತ್ತೋ ಸಾವಿರ ಪಡೆದು, ಇಂತಹ ವಿಷಯಕ್ಕೆ ‘ನೋಟಿಸ್’ ಕಳಿಸುವವರು ನಮ್ಮ ಮೂರೂ ಜಿಲ್ಲೆಗಳಲ್ಲಿದ್ದಾರೆ. ಆ ಕಾಗದಕ್ಕೆ ಕಾನೂನಿನ ಯಾವ ಬಲವೂ ಇಲ್ಲ. ಅದು ತಲುಪಿದ ದಿನದಿಂದ ಕಂಪನಿಯ ವಕೀಲರು ನಿಮ್ಮ ತಪ್ಪು ಹುಡುಕಲು ಕೂರುತ್ತಾರೆ, ಅಷ್ಟೇ ಅದರ ಫಲ.

ಈಗ ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿಕೊಳ್ಳಿ. ‘ಕತ್ತೆ’ ಎಂಬ ಮಾತಿಗೆ ಕಾನೂನು ಕಿವಿಗೊಡುವುದಿಲ್ಲ, ಆದರೆ ಅದರ ಜೊತೆ ನೀವು ಬರೆದಿರುವ ಉಳಿದ ಪ್ರತಿಯೊಂದು ಸಂಗತಿಗೂ ಕಾನೂನಿದೆ. ದಬ್ಬಾಳಿಕೆ ಮಾಡುವವರು ಬರೀ ಬಾಯಿಂದ ಮಾಡುವುದಿಲ್ಲ. ರಜೆ, ಸಂಬಳ, ಸಮಯ, ವರ್ಗಾವಣೆ, ಮೆಮೊ ಇವುಗಳಲ್ಲಿ ಯಾವುದನ್ನಾದರೂ ಹಿಡಿದುಕೊಂಡೇ ಮಾಡುತ್ತಾರೆ, ಮತ್ತು ಇವೆಲ್ಲ ಕಾಗದದ ಮೇಲೆ ಗುರುತು ಬಿಡುತ್ತವೆ.

ದಂಡದಿಂದ ಆರಂಭಿಸೋಣ, ಏಕೆಂದರೆ ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಅಂಶ ಅದೇ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಮ್ಯಾನೇಜರ್ ಮನಸ್ಸಿಗೆ ಬಂದಂತೆ ದಂಡ ಹಾಕುವಂತಿಲ್ಲ. ಯಾವ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಅನುಮೋದನೆ ಇರಬೇಕು, ಆ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಪ್ರದರ್ಶಿಸಿರಬೇಕು, ದಂಡ ಹಾಕುವ ಮೊದಲು ನಿಮ್ಮ ಸಮಜಾಯಿಷಿ ಕೇಳಿರಬೇಕು, ಮೊತ್ತವು ಆ ವೇತನಾವಧಿಯ ಕೂಲಿಯ ಶೇಕಡಾ 3ನ್ನು ದಾಟಬಾರದು. ನಿಮ್ಮ 24,000ವನ್ನು ಪೂರ್ತಿಯಾಗಿ ಕೂಲಿಯೆಂದೇ ಹಿಡಿದರೂ ಮಿತಿ 720 ರೂಪಾಯಿ. ತಿಂಗಳಿಗೆ 30 ದಿನದ ಲೆಕ್ಕದಲ್ಲಿ ಎರಡು ದಿನದ ಸಂಬಳವೆಂದರೆ 1,600 ರೂಪಾಯಿ. ಗೈರುಹಾಜರಾದ ದಿನಕ್ಕೆ ಸಂಬಳ ಕತ್ತರಿಸಬಹುದು, ಹಾಜರಿದ್ದು ದುಡಿದ ದಿನಕ್ಕಲ್ಲ. ಈ ಹಣಕ್ಕಾಗಿ ಮೂರು ವರ್ಷದೊಳಗೆ ವೇತನ ಸಂಹಿತೆಯಡಿ ನೇಮಕವಾದ ಪ್ರಾಧಿಕಾರಿಗೆ ಅರ್ಜಿ ಹಾಕಬಹುದು, ಮತ್ತು ಹಣದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. 1,600 ರೂಪಾಯಿ ಸಣ್ಣ ಮೊತ್ತವೆಂದು ಬಿಟ್ಟುಬಿಡಬೇಡಿ. ಮ್ಯಾನೇಜರ್ ತಮ್ಮ ಅಧಿಕಾರ ಮೀರಿದ್ದಾರೆಂದು ಕಂಪನಿಯ ಸಂಬಳ ಚೀಟಿಯೇ ಹೇಳುವ ಜಾಗ ಇದೊಂದೇ.

ರಜೆಯ ವಿಷಯದಲ್ಲಿ ಹೆಚ್ಚಿನವರು ಸೋಲುವುದು ಬಾಯಿಮಾತಿನಲ್ಲಿ ಕೇಳುವುದರಿಂದ. ಗಳಿಸಿದ ರಜೆಗೆ ಲಿಖಿತ ಅರ್ಜಿ ಕೊಟ್ಟು ಅದು ನಿರಾಕರಣೆಯಾದರೆ, ಆ ರಜೆ ವರ್ಷ ಮುಗಿದರೂ ಕಳೆದುಹೋಗದೆ ಮಿತಿಯಿಲ್ಲದೆ ಮುಂದಕ್ಕೆ ಸಾಗುತ್ತದೆ. ಬಾಯಲ್ಲಿ ಕೇಳಿ ಬಾಯಲ್ಲಿ ಇಲ್ಲವೆನಿಸಿಕೊಂಡರೆ ಏನೂ ಉಳಿಯುವುದಿಲ್ಲ. ಶಿಫ್ಟ್ ಮುಗಿದ ಮೇಲೆ ಕೂರಿಸುವುದೂ ಹಾಗೆಯೇ: ದಿನದ ಎಂಟು ಗಂಟೆ ದಾಟಿದ ಕೆಲಸಕ್ಕೆ ನಿಮ್ಮ ಒಪ್ಪಿಗೆ ಬೇಕು, ದುಪ್ಪಟ್ಟು ದರದ ಕೂಲಿ ಬೇಕು. ಗೇಟಿನ ಪಂಚಿಂಗ್ ಸಮಯ ಮತ್ತು ನೀವು ಸಹಿ ಹಾಕಿದ ಸ್ಯಾಂಪಲ್ ರಿಜಿಸ್ಟರಿನ ಕೊನೆಯ ನಮೂದು ಎರಡೂ ತಾಳೆಯಾಗುವ ದಿನಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ. ‘ದಿನಾ ಕೂರಿಸುತ್ತಾರೆ’ ಎಂಬ ವಾಕ್ಯಕ್ಕಿಂತ ಇಂತಹ ಆರು ದಿನಗಳ ಪಟ್ಟಿ ಹೆಚ್ಚು ತೂಗುತ್ತದೆ.

‘ನಾನು ಆಫೀಸರ್, ಕಾರ್ಮಿಕ ಕಾನೂನು ನನಗೆ ಅನ್ವಯಿಸುವುದಿಲ್ಲ’ ಎಂದು ನೀವು ಅಂದುಕೊಂಡಿರಬಹುದು. ಎಚ್‌ಆರ್‌ನವರು ಅದನ್ನೇ ಹೇಳುತ್ತಾರೆ, ಅದು ತಪ್ಪು. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುವ ಕೆಲಸವನ್ನು. ಸ್ಯಾಂಪಲ್ ತೆಗೆದು, ಪರೀಕ್ಷಿಸಿ, ಫಲಿತಾಂಶ ಬರೆಯುವುದು ತಾಂತ್ರಿಕ ಕೆಲಸ, ಅದನ್ನು ಮಾಡುವವರು ‘ಕೆಲಸಗಾರ’ರೇ. ಮೇಲ್ವಿಚಾರಣೆಯೇ ಮುಖ್ಯ ಕೆಲಸವಾಗಿದ್ದು ತಿಂಗಳ ಕೂಲಿ 18,000 ದಾಟಿದವರು ಮತ್ತು ನಿಜವಾದ ಆಡಳಿತ ಅಧಿಕಾರ ಉಳ್ಳವರು ಮಾತ್ರ ಹೊರಗುಳಿಯುತ್ತಾರೆ. ನಿಮ್ಮ ಕೈಕೆಳಗೆ ಯಾರಿಗಾದರೂ ರಜೆ ಮಂಜೂರು ಮಾಡುವ ಅಧಿಕಾರ ನಿಮಗಿಲ್ಲದಿದ್ದರೆ ಅದನ್ನು ಅರ್ಜಿಯಲ್ಲೇ ಬರೆಯಿರಿ.

ಅರ್ಜಿ ಹೋಗಬೇಕಾದ ಮೊದಲ ಜಾಗ ಕುಂದುಕೊರತೆ ನಿವಾರಣಾ ಸಮಿತಿ. 20 ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿ ಕಾರ್ಖಾನೆಯಲ್ಲೂ ಅದು ಇರಲೇಬೇಕೆಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 4ನೇ ಕಲಮು ಹೇಳುತ್ತದೆ. ಅದರಲ್ಲಿ ಆಡಳಿತದವರು, ಕೆಲಸಗಾರರು ಸಮಸಂಖ್ಯೆಯಲ್ಲಿರುತ್ತಾರೆ. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ನಿಮ್ಮ ಹಳೆಯ ಘಟನೆಗೆ ಎಂಟು ತಿಂಗಳಾಗಿರುವುದರಿಂದ ಕಾಯುವಂತಿಲ್ಲ. ಸಮಿತಿಗೆ 30 ದಿನಗಳ ಅವಕಾಶವಿದೆ. ಅಲ್ಲಿ ಪರಿಹಾರ ಸಿಗದಿದ್ದರೆ ಅಥವಾ ಆ ಅವಧಿ ಸುಮ್ಮನೆ ಕಳೆದುಹೋದರೆ, ಮುಂದಿನ 60 ದಿನಗಳೊಳಗೆ ನೀವು ಸದಸ್ಯರಾಗಿರುವ ಯೂನಿಯನ್ ಮೂಲಕ ಸಂಧಾನಾಧಿಕಾರಿಗೆ ಹೋಗಬೇಕು. ಇದನ್ನು ಓದದೆ ಒಬ್ಬೊಬ್ಬರೇ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿ ಬರಿಗೈಲಿ ಬಂದವರನ್ನು ಕಂಡಿದ್ದೇನೆ. ನೀವು ಯೂನಿಯನ್‌ನಲ್ಲಿ ಇಲ್ಲದಿದ್ದರೆ ಸಮಿತಿಗೆ ಅರ್ಜಿ ಕೊಡುವ ಮೊದಲೇ ಸದಸ್ಯತ್ವ ಪಡೆದು ರಸೀದಿ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ‘ಮಾನಸಿಕ ಹಿಂಸೆ’, ‘ಸರ್ವಾಧಿಕಾರಿ’ ಎಂಬ ಪದಗಳು ಬೇಡ. ಹೀಗೆ ಬರೆಯಿರಿ: ‘ಜೂನ್ 4ರಂದು ಮೂರು ದಿನಗಳ ಗಳಿಕೆ ರಜೆಗೆ ಅರ್ಜಿ ಕೊಟ್ಟಿದ್ದೇನೆ, ಪ್ರತಿ ಲಗತ್ತಿಸಿದೆ, ಜೂನ್ 6ರಂದು ಕಾರಣ ತಿಳಿಸದೆ ನಿರಾಕರಿಸಲಾಗಿದೆ. ಜೂನ್ ತಿಂಗಳ ಸಂಬಳದಲ್ಲಿ 1,600 ರೂಪಾಯಿ ದಂಡವೆಂದು ಕಡಿತವಾಗಿದೆ. ಕಡಿತಕ್ಕೆ ಮೊದಲು ನನ್ನಿಂದ ಸಮಜಾಯಿಷಿ ಕೇಳಿಲ್ಲ. ರಜೆಯನ್ನು ಖಾತೆಗೆ ಜಮಾ ಮಾಡಿ, ಕಡಿತದ ಹಣವನ್ನು ಮರಳಿಸಬೇಕೆಂದು ಕೋರುತ್ತೇನೆ.’ ಕೇಳುವುದನ್ನು ಸಮಿತಿ ಕೊಡಬಲ್ಲಂತೆ ಕೇಳಬೇಕು. ‘ಮ್ಯಾನೇಜರ್‌ಗೆ ಬುದ್ಧಿ ಹೇಳಿ’ ಎಂದರೆ ಯಾವ ಸಮಿತಿಯೂ ಏನೂ ಮಾಡಲಾಗದು. ಬೈಗುಳಗಳನ್ನು ಕೊನೆಯಲ್ಲಿ ಒಂದೇ ಪ್ಯಾರಾದಲ್ಲಿ ದಿನಾಂಕ, ಸ್ಥಳ, ಕೇಳಿಸಿಕೊಂಡವರ ಹೆಸರಿನೊಂದಿಗೆ ಬರೆಯಿರಿ. ಕಂಪನಿಯ ಸ್ವಂತ ನಡತೆ ಸಂಹಿತೆಯಲ್ಲಿ ಸಹೋದ್ಯೋಗಿಗಳನ್ನು ಗೌರವದಿಂದ ಕಾಣಬೇಕೆಂಬ ಸಾಲು ಬಹುತೇಕ ಇದ್ದೇ ಇರುತ್ತದೆ, ಆ ಸಾಲನ್ನು ಹಾಗೆಯೇ ಉದ್ಧರಿಸಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಸಹಿ, ಸೀಲು, ದಿನಾಂಕ ಪಡೆಯದೆ ಟಪಾಲು ವಿಭಾಗದಿಂದ ಕದಲಬೇಡಿ. ಅವರು ಹಾಕಿಕೊಡದಿದ್ದರೆ ಅಂದೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಇನ್ನು ನಿಮ್ಮ ಪತ್ರದಲ್ಲಿ ನೀವೇ ಹಗುರವಾಗಿ ದಾಟಿಹೋದ ವಿಷಯವೊಂದಿದೆ. ಮೆಟಲೈಸೇಶನ್ ರಿಪೋರ್ಟ್ ತಿದ್ದಲು ಹೇಳಿದ್ದು ದಬ್ಬಾಳಿಕೆಯ ಹಿನ್ನೆಲೆ ಮಾತ್ರವಲ್ಲ, ಅದೇ ಸ್ವತಂತ್ರ ದೂರು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲೂ, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಪಡೆದ ಕಂಪನಿಗಳಲ್ಲೂ ನೌಕರರು ಅಕ್ರಮವನ್ನು ತಿಳಿಸಲು ವಿಜಿಲ್ ವ್ಯವಸ್ಥೆ ಇರಬೇಕೆಂದು 2013ರ ಕಂಪನಿ ಕಾಯ್ದೆಯ 177ನೇ ಕಲಮು ವಿಧಿಸುತ್ತದೆ, ತಿಳಿಸಿದವರನ್ನು ಬಲಿಪಶು ಮಾಡದಂತೆ ರಕ್ಷಣೆಯೂ ಅದರಲ್ಲೇ ಇರಬೇಕು. ನಮ್ಮ ಭಾಗದ ಕಬ್ಬಿಣದ ಕಾರ್ಖಾನೆಗಳಲ್ಲಿ ಅಷ್ಟು ಸಾಲ ಅಪರೂಪವೇನಲ್ಲ. ಈ ದೂರನ್ನು ಪ್ರತ್ಯೇಕ ಪತ್ರದಲ್ಲಿ ಬರೆಯಿರಿ: ಯಾವ ದಿನದ ಯಾವ ಸ್ಯಾಂಪಲ್, ನಿಮಗೆ ಬಂದ ಅಂಕಿ ಎಷ್ಟು, ಬರೆಯಲು ಹೇಳಿದ್ದು ಎಷ್ಟು, ಹೇಳಿದವರು ಯಾರು. ಅದರೊಳಗೆ ರಜೆಯನ್ನಾಗಲಿ ಬೈಗುಳವನ್ನಾಗಲಿ ಬೆರೆಸಬೇಡಿ. ಲ್ಯಾಬಿನ ಮೂಲ ರಿಜಿಸ್ಟರನ್ನು ಮನೆಗೆ ಒಯ್ಯಬೇಡಿ, ಅದು ಕಳ್ಳತನದ ಆರೋಪಕ್ಕೆ ದಾರಿ. ರಿಜಿಸ್ಟರಿನ ಪುಟಸಂಖ್ಯೆ ತಿಳಿಸಿದರೆ ಸಾಕು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಂದೇಶಗಳಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಫೋನ್ ಬದಲಿಸಬೇಡಿ, ಮೂಲ ಫೋನಿನಲ್ಲೇ ಅವು ಇರಬೇಕು. ಮುಂದೆ ನ್ಯಾಯಾಲಯದ ಮಟ್ಟಕ್ಕೆ ಹೋದರೆ ಇಂತಹ ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಆ ವ್ಯಕ್ತಿ ಮೃದುವಾಗಿ ಮಾತನಾಡುವಂತೆ ಯಾರೂ ಆದೇಶ ಮಾಡಲಾರರು. ಹಣ, ರಜೆ, ಸಮಯ ನಿಮಗೆ ಮರಳಿ ಸಿಗಬಹುದು, ಮುಂದಿನ ವರ್ಗಾವಣೆ ಅಥವಾ ಮೆಮೊ ದುರುದ್ದೇಶದ್ದೆಂದು ತೋರಿಸಲು ದಾಖಲೆ ಸಿದ್ಧವಿರುತ್ತದೆ. ನೌಕರನನ್ನು ದುರುದ್ದೇಶದಿಂದ ವರ್ಗಾಯಿಸುವುದು ಅನುಚಿತ ಕಾರ್ಮಿಕ ಪದ್ಧತಿಯೆಂದು ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಅನುಸೂಚಿಯಲ್ಲಿದೆ. ಅದನ್ನು ಸಾಬೀತುಪಡಿಸುವುದು ವರ್ಗಾವಣೆಗೆ ಮೊದಲೇ ಸ್ವೀಕೃತಿಯಾದ ನಿಮ್ಮ ಅರ್ಜಿಯ ದಿನಾಂಕ. ಮೆಮೊ ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರಿಸಿ. ಸಿಟ್ಟಿನಿಂದ ಮನೆಯಲ್ಲಿ ಕೂರಬೇಡಿ: ಅನುಮತಿಯಿಲ್ಲದೆ ಹತ್ತು ದಿನ ಮೀರಿದ ಗೈರುಹಾಜರಿ, ಸೇವಾ ನಿಯಮಗಳಾದ ಮಾದರಿ ಸ್ಥಾಯಿ ಆದೇಶಗಳಲ್ಲಿ ದುರ್ನಡತೆ. ಆಗ ತಪ್ಪಿತಸ್ಥರ ಜಾಗದಲ್ಲಿ ನಿಲ್ಲುವವರು ನೀವು.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಸೂಪರ್‌ವೈಸರ್ ಎಲ್ಲ ಹೆಣ್ಣುಮಕ್ಕಳ ಮೇಲೂ ಕಿರುಚುತ್ತಾರೆ. ಆಂತರಿಕ ಸಮಿತಿಗೆ ದೂರು ಕೊಡಬಹುದೇ?

ಉತ್ತರ: ಕಿರುಚಾಟದಲ್ಲಿ ಲೈಂಗಿಕ ಅರ್ಥದ ಮಾತು, ಸನ್ನೆ, ಬೇಡಿಕೆ ಇದ್ದರೆ ಮೂರು ತಿಂಗಳೊಳಗೆ ಕೊಡಿ, ಬರೀ ಕಿರುಚಾಟವಾದರೆ ಮೇಲೆ ಹೇಳಿದ ಕುಂದುಕೊರತೆ ಸಮಿತಿಯೇ ಸರಿಯಾದ ಜಾಗ.

ಪ್ರಶ್ನೆ: ಸಂಡೂರಿನ ಗಣಿಯಲ್ಲಿದ್ದೇನೆ. ರಾಜ್ಯದ ಕಾರ್ಮಿಕ ಅಧಿಕಾರಿ ನನ್ನ ದೂರು ತೆಗೆದುಕೊಳ್ಳಲಿಲ್ಲ.

ಉತ್ತರ: ಅವರು ಮಾಡಿದ್ದು ಸರಿ. ಗಣಿಗಳು ಕೇಂದ್ರದ ವ್ಯಾಪ್ತಿಗೆ ಬರುತ್ತವೆ, ಬಳ್ಳಾರಿಯಲ್ಲಿರುವ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ.

ಪ್ರಶ್ನೆ: ಬೇಸತ್ತು ರಾಜೀನಾಮೆ ಕೊಟ್ಟೆ. ಎರಡು ತಿಂಗಳಾದರೂ ಬಾಕಿ ಸಂಬಳ ತಡೆದಿದ್ದಾರೆ. (ರಾಯಚೂರು)

ಉತ್ತರ: ರಾಜೀನಾಮೆ ಕೊಟ್ಟವರ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆಯ 17ನೇ ಕಲಮಿನಲ್ಲಿದೆ. ಕೊನೆಯ ಸಂಬಳ ಚೀಟಿ ಮತ್ತು ರಾಜೀನಾಮೆಯ ಸ್ವೀಕೃತಿ ಪ್ರತಿಯೊಂದಿಗೆ ಮೇಲೆ ಹೇಳಿದ ವೇತನ ಸಂಹಿತೆಯ ಪ್ರಾಧಿಕಾರಿಗೆ ಇದೇ ವಾರ ಅರ್ಜಿ ಹಾಕಿ.